ಅಡಿಕೆ ದಬ್ಬೆಯ ಅಟ್ಟಣಿಗೆ ಮೇಕೆ ಕೊಟ್ಟಿಗೆ: ಐದನೇ ಮಳೆಗಾಲದ ವಿಮರ್ಶೆ

ಶಿವಮೊಗ್ಗ ಜಿಲ್ಲೆಯ ಮಳೆ ಹೆಚ್ಚು ಬೀಳುವ ಭಾಗದಲ್ಲಿ ನೆಲದಿಂದ ನಾಲ್ಕು ಅಡಿ ಎತ್ತರದ ಅಟ್ಟಣಿಗೆಯ ಮೇಲೆ ಮೇಕೆ ಸಾಕುತ್ತಿದ್ದೇನೆ. ಕೊಟ್ಟಿಗೆ ಕಟ್ಟಿದ ಮೇಲೆ ಇದು ಐದನೇ ಮಳೆಗಾಲ. ಉದ್ದ ಇಪ್ಪತ್ತು ಅಡಿ, ಅಗಲ ಹನ್ನೆರಡು ಅಡಿ, ಒಟ್ಟು 240 ಚದರ ಅಡಿ. ಹೆಣ್ಣು ಮೇಕೆಗೆ ತಲಾ 10 ಚದರ ಅಡಿಯಂತೆ ಹನ್ನೆರಡಕ್ಕೆ 120, ಮರಿಗೆ ತಲಾ 4ರಂತೆ ಇಪ್ಪತ್ತಕ್ಕೆ 80, ಹೋತಕ್ಕೆ 20, ಈಯುವ ಮೂಲೆಗೆ 20 ಎಂದು ಜಾಗವನ್ನು ಹಂಚಿದ್ದೇನೆ. ಈ ವಿಮರ್ಶೆ ಮುಖ್ಯವಾಗಿ ಮರಿಗಳು ಮಲಗುವ ಆ 80 ಚದರ ಅಡಿಯನ್ನು ಕುರಿತದ್ದು, ಏಕೆಂದರೆ ಅಟ್ಟಣಿಗೆಗೆ ಹಾಕಿದ ಹಣ ಮರಳಿ ಬರುವುದೂ ಕೈಬಿಟ್ಟು ಹೋಗುವುದೂ ಅಲ್ಲಿಯೇ.

ಕಂಬಗಳಿಗೆ ಬೇಲಿಗೆ ಹಾಕುವ ಕಲ್ಲುಕಂಬಗಳನ್ನೇ ಬಳಸಿದ್ದೇನೆ. ಗೆದ್ದಲು ಹತ್ತುವುದಿಲ್ಲ, ಗಂಜಲಕ್ಕೆ ಕರಗುವುದಿಲ್ಲ. ಅವುಗಳ ಮೇಲೆ ಅಕೇಶಿಯಾದ ತೊಲೆಗಳು, ತೊಲೆಗಳ ಮೇಲೆ ಒಂದೂವರೆ ಅಡಿಗೊಂದರಂತೆ ಅಡ್ಡಪಟ್ಟಿಗಳು, ಅದರ ಮೇಲೆ ದಬ್ಬೆ. ತೋಟದಲ್ಲಿ ಫಸಲು ನಿಂತ ಹಳೆಯ ಅಡಿಕೆ ಮರವನ್ನು ಸೀಳಿ, ಒಳಗಿನ ತಿರುಳನ್ನು ಕೆತ್ತಿ ತೆಗೆದು, ನೆರಳಿನಲ್ಲಿ ಚೆನ್ನಾಗಿ ಒಣಗಿಸಿದ ದಬ್ಬೆಯಾಗಿರಬೇಕು. ಹಸಿ ದಬ್ಬೆಯನ್ನು ಬಡಿದರೆ ಬೇಸಿಗೆಯಲ್ಲಿ ಅದು ಕುಗ್ಗಿ ಸಂದು ಅಗಲವಾಗುತ್ತದೆ, ಅಳತೆ ಮಾಡಿ ಹಾಕಿದ ಶ್ರಮ ವ್ಯರ್ಥವಾಗುತ್ತದೆ. ಮೊಳೆ ನೇರವಾಗಿ ಹೊಡೆದರೆ ದಬ್ಬೆ ಸೀಳುವುದರಿಂದ ಮೊದಲು ತೂತು ಕೊರೆದು, ತುಕ್ಕು ಹಿಡಿಯದ ಮೊಳೆಯನ್ನೇ ಹಾಕಬೇಕು.

ದಬ್ಬೆಯ ಯಾವ ಮುಖ ಮೇಲಿರಬೇಕು ಎಂಬುದನ್ನು ಬಡಗಿಗಳು ಸಾಮಾನ್ಯವಾಗಿ ಕೇಳುವುದಿಲ್ಲ. ತೊಗಟೆಯ ಮುಖ ಮೇಲಿರಬೇಕು. ಅದು ಗಟ್ಟಿ ಎಂಬುದು ಒಂದು ಕಾರಣ. ಇನ್ನೊಂದು, ದುಂಡು ಮರವನ್ನು ಸೀಳಿದಾಗ ಹೊರಗಿನ ಅಗಲಕ್ಕಿಂತ ಒಳಗಿನ ಅಗಲ ಸ್ವಲ್ಪ ಕಡಿಮೆಯಿರುವುದರಿಂದ, ತೊಗಟೆ ಮೇಲಿದ್ದಾಗ ಸಂದು ಮೇಲೆ ಕಿರಿದಾಗಿ ಕೆಳಗೆ ಅಗಲವಾಗುತ್ತದೆ. ಒಳಹೊಕ್ಕ ಹಿಕ್ಕೆ ನಡುವೆ ಸಿಕ್ಕಿಕೊಳ್ಳದೆ ಬೀಳುತ್ತದೆ. ತಿರುವಿ ಹಾಕಿದರೆ ಹಿಕ್ಕೆ ಬೆಣೆಯಂತೆ ಕಚ್ಚಿಕೊಂಡು, ಅದರ ಮೇಲೆ ಗಂಜಲ ನಿಲ್ಲುತ್ತದೆ. ಹೊಸ ತೊಗಟೆ ಮಾತ್ರ ನುಣುಪು; ಒದ್ದೆಯಾದಾಗ ಮರಿಗಳು ಜಾರದಂತೆ ಮಚ್ಚಿನಿಂದ ಅಡ್ಡಡ್ಡ ಗೀರು ಹಾಕಿಸಿದ್ದೇನೆ.

ಸಂದಿನ ಅಳತೆಗೆ ಟೇಪು ಹಿಡಿಯಬೇಕಾಗಿಲ್ಲ. ಕಟ್ಟಡದ ಕಬ್ಬಿಣದ ಸರಳುಗಳೇ ಸಾಕು: ದೊಡ್ಡ ಮೇಕೆಗಳ ಕಡೆ 16 ಮಿಲಿಮೀಟರ್ ಸರಳನ್ನು, ಮರಿಗಳ ಕಡೆ 12 ಮಿಲಿಮೀಟರ್ ಸರಳನ್ನು ಎರಡು ದಬ್ಬೆಗಳ ನಡುವೆ ಇಟ್ಟು ಮೊಳೆ ಹೊಡೆದು, ಸರಳನ್ನು ಎಳೆದು ಮುಂದಿನದಕ್ಕೆ ಹೋಗಬಹುದು. ಮರಿಗಳ ಕಡೆ ಇದಕ್ಕಿಂತ ಅಗಲವಾದರೆ ಎಳೆಯ ಗೊರಸು ಸಿಕ್ಕಿ ಕಾಲು ತಿರುಚುತ್ತದೆ. ತೀರ ಕಿರಿದಾದರೆ ಹಿಕ್ಕೆ ಇಳಿಯದೆ ಅಟ್ಟಣಿಗೆ ಕಟ್ಟಿದ ಉದ್ದೇಶವೇ ಹಾಳಾಗುತ್ತದೆ.

ಮರಿಗಳ ಆರೋಗ್ಯದಲ್ಲಿ ವ್ಯತ್ಯಾಸ ಕಾಣುವುದು ಭೇದಿಯ ವಿಷಯದಲ್ಲಿ. ಮೂರು ವಾರದಿಂದ ನಾಲ್ಕೈದು ತಿಂಗಳವರೆಗಿನ ಮರಿಗಳನ್ನು ಹೆಚ್ಚಾಗಿ ಕಾಡುವ ಕಾಕ್ಸಿಡಿಯಾ ಎಂಬ ರೋಗಾಣುವಿನ ತತ್ತಿ ಹಿಕ್ಕೆಯೊಂದಿಗೆ ಹೊರಬಂದ ತಕ್ಷಣ ರೋಗ ಹರಡುವುದಿಲ್ಲ. ತೇವ, ಗಾಳಿ ಮತ್ತು ಹದವಾದ ಬಿಸಿ ಸಿಕ್ಕ ಮೇಲೆ, ಸಾಮಾನ್ಯವಾಗಿ ಒಂದೆರಡು ದಿನವೋ ಇನ್ನೂ ಕೆಲವು ದಿನವೋ ಕಳೆದು ಅದು ಸೋಂಕು ತಗುಲಿಸುವ ಹಂತಕ್ಕೆ ಬರುತ್ತದೆ. ಅಷ್ಟರೊಳಗೆ ಹಿಕ್ಕೆ ಕೆಳಗೆ ಬಿದ್ದು ಮರಿಯ ಬಾಯಿಯಿಂದ ದೂರವಾದರೆ ಸರಪಳಿ ಅಲ್ಲಿಯೇ ಹೆಚ್ಚು ಕಡಿಮೆ ಕಡಿಯುತ್ತದೆ. ಆದರೆ ಸೊಪ್ಪನ್ನು ಅಟ್ಟಣಿಗೆಯ ಮೇಲೆಯೇ ಹರಡುವವರಿಗೆ ಈ ಲಾಭ ಸಿಗುವುದಿಲ್ಲ. ಮರಿಗಳು ತುಳಿದ ಸೊಪ್ಪನ್ನೇ ತಿನ್ನುತ್ತವೆ, ಕಡ್ಡಿಗಳು ಸಂದು ಮುಚ್ಚುತ್ತವೆ. ಆದ್ದರಿಂದ ಗೋದಲಿ ಹೊರಗೋಡೆಗೆ ಹೊಂದಿಕೊಂಡು, ಮೇಕೆ ತಲೆ ಮಾತ್ರ ಹಾಕುವಂತಿರಬೇಕು. ಮರಿಗಳಿಗೆ ಸೊಪ್ಪಿನ ಕಟ್ಟನ್ನು ತೂಗುಹಾಕುವುದು ಸಾಕು. ಜೂನ್‌ನಲ್ಲಿ ಹೊಸ ಚಿಗುರು ಮೇದು ಹಿಕ್ಕೆ ಮೆತ್ತಗಾದಾಗ ಅದು ತಾನಾಗಿ ಬೀಳುವುದಿಲ್ಲ. ಆಗ ಬೆಳಗ್ಗೆ ಗಟ್ಟಿ ಪೊರಕೆಯಿಂದ ಉಜ್ಜಲೇಬೇಕು. ಅಟ್ಟಣಿಗೆ ಇದೆಯೆಂದು ಗುಡಿಸುವುದನ್ನು ಬಿಡುವುದು ಹಲವು ಕೊಟ್ಟಿಗೆಗಳಲ್ಲಿ ನಾನು ಕಂಡ ಸಂಗತಿ.

ಇನ್ನು ದೋಷಗಳು. ಮೊದಲನೆಯದು ಕೆಳಗಿನಿಂದ ಬರುವ ಗಾಳಿ. ಆಗ ತಾನೆ ಹುಟ್ಟಿದ ಮರಿಗೆ ಒಣ ನೆಲವಷ್ಟೇ ಸಾಲದು. ಮೈ ಒದ್ದೆಯಿದ್ದಾಗ ಸಂದುಗಳಿಂದ ಏಳುವ ಮಳೆಗಾಲದ ಗಾಳಿ ಅದರ ಬಿಸಿಯನ್ನು ಎಳೆದುಕೊಳ್ಳುತ್ತದೆ, ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ಈಯುವ ಮೂಲೆಯಲ್ಲಿ ಸಂದಿಲ್ಲದ ಹಲಗೆಯ ಮೇಲೆ ದಪ್ಪ ಒಣಹುಲ್ಲು ಹಾಸಿ, ಹುಟ್ಟಿದ ಮರಿಯನ್ನು ಮೊದಲ ವಾರ ಅಲ್ಲೇ ಇರಿಸುತ್ತೇನೆ, ಹುಲ್ಲನ್ನು ದಿನವೂ ಬದಲಿಸುತ್ತೇನೆ. ಚಳಿ ತಾಕಿದೆಯೇ ಎಂದು ತಿಳಿಯಲು ರಾತ್ರಿ ಒಮ್ಮೆ ಟಾರ್ಚ್ ಬಿಟ್ಟು ನೋಡಿದರೆ ಸಾಕು: ಮರಿಗಳು ಚದುರಿ ಕಾಲು ಚಾಚಿ ಮಲಗಿದ್ದರೆ ಹಿತವಾಗಿದೆ, ಒಂದರ ಮೇಲೊಂದು ರಾಶಿ ಬಿದ್ದಿದ್ದರೆ ಗಾಳಿ ತಡೆಯಬೇಕು. ಮಳೆ ಬರುವ ದಿಕ್ಕಿಗೆ ಸೋಗೆಯ ತಟ್ಟಿ ಕಟ್ಟಿ, ಸೂರನ್ನು ಮೂರು ಅಡಿ ಹೊರಚಾಚಿದರೆ ಇರಚಲೂ ನಿಲ್ಲುತ್ತದೆ. ಆದರೆ ಮೇಲ್ಭಾಗವನ್ನೂ ಪೂರ್ತಿ ಮುಚ್ಚಬಾರದು, ಮುಚ್ಚಿದರೆ ಕೆಳಗಿನ ಹಿಕ್ಕೆಯ ಘಾಟು ಒಳಗೇ ಉಳಿಯುತ್ತದೆ.

ಎರಡನೆಯದು ಆ ಘಾಟೇ. ಅಟ್ಟಣಿಗೆಯ ಅಡಿಯಲ್ಲಿ ಹಿಕ್ಕೆ ಮತ್ತು ಗಂಜಲ ಒಟ್ಟಾಗಿ ಕೊಳೆತರೆ ಅಮೋನಿಯಾ ಏಳುತ್ತದೆ, ಅದು ಮೊದಲು ತಾಗುವುದು ಮರಿಯ ಮೂಗಿಗೆ. ನಿಂತು ಮೂಸಿದರೆ ಗೊತ್ತಾಗುವುದಿಲ್ಲ. ಮರಿಯ ಎತ್ತರಕ್ಕೆ ಕುಕ್ಕರುಗಾಲಿನಲ್ಲಿ ಕೂತು ಉಸಿರೆಳೆದಾಗ ಕಣ್ಣು ಚುರುಗುಟ್ಟಿದರೆ ಅಂದೇ ಕೆಳಗಿನ ಹಿಕ್ಕೆಯನ್ನು ಬಳಿದು ತೆಗೆಯಬೇಕು. ನೆಲವನ್ನು ಒಂದು ಕಡೆಗೆ ಇಳಿಜಾರಾಗಿ ಗಟ್ಟಿಸಿ, ಗಂಜಲ ಹೊರಗಿನ ಗುಂಡಿಗೆ ಹರಿಯುವಂತೆ ಮಾಡಿದರೆ ಹಿಕ್ಕೆ ಬೇಗ ಒಣಗುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಬಳಿಯುತ್ತೇನೆ, ಗೊಬ್ಬರ ತೋಟಕ್ಕೆ ಹೋಗುತ್ತದೆ. ನಾಲ್ಕು ಅಡಿ ಎತ್ತರದಲ್ಲಿ ಬಗ್ಗಿ ಕೆಲಸ ಮಾಡುವುದು ಸೊಂಟಕ್ಕೆ ಕಷ್ಟ. ಇನ್ನೂ ಒಂದೂವರೆ ಅಡಿ ಎತ್ತರಿಸಿದರೆ ಅನುಕೂಲ, ಆದರೆ ಕಂಬ, ತೊಲೆ, ಏರುಹಲಗೆ ಎಲ್ಲದರ ಉದ್ದವೂ ಖರ್ಚೂ ಹೆಚ್ಚುತ್ತವೆ. ಹಗಲಿನಲ್ಲಿ ಮರಿಗಳು ನೆರಳು ಹುಡುಕಿ ಅಡಿಗೆ ನುಸುಳದಂತೆ ಸುತ್ತ ಬಲೆ ಕಟ್ಟುವುದೂ ಅಗತ್ಯ.

ಮೂರನೆಯದು ದಬ್ಬೆಯ ಆಯುಷ್ಯ. ಪೂರ್ತಿ ದಬ್ಬೆ ಒಮ್ಮೆಲೇ ಹಾಳಾಗುವುದಿಲ್ಲ. ಅಡ್ಡಪಟ್ಟಿಗೆ ತಾಗುವ, ಮೊಳೆಯ ಸುತ್ತಲಿನ ಜಾಗ ಮೊದಲು ಕೊಳೆಯುತ್ತದೆ. ಹೆಬ್ಬೆರಳಿನಿಂದ ಅದುಮಿದಾಗ ನಾರು ಬಿಟ್ಟುಕೊಂಡರೆ ಅದನ್ನು ಬದಲಿಸಬೇಕು. ಮೂರನೇ ವರ್ಷದಿಂದ ಪ್ರತಿ ಬೇಸಿಗೆಯಲ್ಲಿ ಕೆಲವನ್ನು ಬದಲಿಸುತ್ತಿದ್ದೇನೆ. ಬಿರುಕುಗಳಲ್ಲಿ ಉಣ್ಣೆ ಹುಳು ಅಡಗುವುದು ಇನ್ನೊಂದು ತಲೆನೋವು.

ಈ ಕಾರಣಕ್ಕೆ ಮರಿಗಳ 80 ಚದರ ಅಡಿಗೆ ಮಾತ್ರ ಕಳೆದ ವರ್ಷ ಪ್ಲಾಸ್ಟಿಕ್ ಸ್ಲ್ಯಾಟ್ ಹಾಕಿಸಿದೆ. ಸಂದು ಎಲ್ಲೆಡೆ ಒಂದೇ ಸಮ, ನೀರು ಹೊಡೆದು ತೊಳೆಯಬಹುದು, ಉಣ್ಣೆಗೆ ಅಡಗಲು ಬಿರುಕಿಲ್ಲ. ಸಣ್ಣ ಜಾಗವಾದ್ದರಿಂದ ಖರ್ಚೂ ಮೈಮೇಲೆ ಬರಲಿಲ್ಲ. ಆದರೆ ಒಂದೂವರೆ ಅಡಿಯ ಅಂತರ ಅದಕ್ಕೆ ಸಾಲದೆ ನಡು ಬಾಗುವುದರಿಂದ ಅಡ್ಡಪಟ್ಟಿಗಳನ್ನು ಒಂದಡಿಗೊಂದರಂತೆ ಹತ್ತಿರ ತರಬೇಕಾಯಿತು. ಕೊಳ್ಳುವಾಗ ಮರಿಗಳಿಗೆಂದೇ ಮಾಡಿದ ಸಣ್ಣ ಸಂದಿನದನ್ನು ಕೇಳಬೇಕು, ದೊಡ್ಡ ಮೇಕೆಗಳದ್ದನ್ನೇ ಎಲ್ಲಕ್ಕೂ ಆಗುತ್ತದೆಂದು ಮಾರುವವರಿದ್ದಾರೆ. ದೊಡ್ಡ ಮೇಕೆಗಳ ಕಡೆ ಈಗಲೂ ದಬ್ಬೆಯೇ ಇದೆ. ಸ್ವಂತ ತೋಟದಲ್ಲಿ ಮರ ಸಿಗುತ್ತಿರುವಷ್ಟು ಕಾಲ ಅದನ್ನು ಬದಲಿಸುವ ಯೋಚನೆಯಿಲ್ಲ. ಅಡಿಕೆ ಬೆಳೆಯದ ಬಯಲುಸೀಮೆಯವರು ದಬ್ಬೆಯನ್ನು ದೂರದಿಂದ ಲಾರಿ ಬಾಡಿಗೆ ಕೊಟ್ಟು ತರಿಸುವುದಾದರೆ, ಹತ್ತಿರ ಸಿಗುವ ನೀಲಗಿರಿ ಪಟ್ಟಿಯ ಬೆಲೆಯನ್ನೂ ವಿಚಾರಿಸಿ ನೋಡುವುದು ಒಳ್ಳೆಯದು.