5 ಜಿಬಿ ಜಾಗ ಬೇಕು: ಗೇಮ್ ತೆಗೆಯೋಣವೇ, ವಿಡಿಯೋಗಳನ್ನೇ?

ಫೋನ್ ಸ್ಟೋರೇಜ್‌ನ ಸ್ಕ್ರೀನ್‌ಶಾಟ್ ನೋಡಿದರೆ 64 ಜಿಬಿಯಲ್ಲಿ 61 ಜಿಬಿ ತುಂಬಿದೆ. ಫೋನ್ ಅಪ್‌ಡೇಟ್‌ಗೆ 8 ಜಿಬಿ ಖಾಲಿ ಇರಬೇಕು. ಅಂದರೆ ಇನ್ನೂ 5 ಜಿಬಿ ಬೇಕು.

ಮೊದಲು ಕಣ್ಣಿಗೆ ಬೀಳುವುದು 4.2 ಜಿಬಿಯ ಗೇಮ್. ಒಂದೇ ಏಟಿಗೆ ಹೋಗುತ್ತದೆ, ನಿಜ. ಆದರೂ 0.8 ಜಿಬಿ ಕಡಿಮೆ ಬೀಳುತ್ತದೆ. ಮತ್ತೆ ಆಡಬೇಕೆಂದರೆ ಅಷ್ಟನ್ನೂ ಇಳಿಸಿಕೊಳ್ಳಬೇಕು. ಅಕೌಂಟ್‌ಗೆ ಜೋಡಿಸಿರದಿದ್ದರೆ ದಾಟಿದ ಲೆವೆಲ್‌ಗಳೂ ಹೋಗಬಹುದು.

ವಿಡಿಯೋ ಆ್ಯಪ್ 3.1 ಜಿಬಿ ತೋರಿಸುತ್ತದೆ. ಒಳಗೆ ನೋಡಿದರೆ 2.7 ಜಿಬಿ ಆಫ್‌ಲೈನ್ ಡೌನ್‌ಲೋಡ್, ಅದೂ ನೋಡಿ ಮುಗಿಸಿದ್ದು! ಆ್ಯಪ್ ಇರಲಿ, ಡೌನ್‌ಲೋಡ್ ಮಾತ್ರ ಅಳಿಸಿ.

ವಾಟ್ಸ್ಆ್ಯಪ್ 9 ಜಿಬಿ. ಇಲ್ಲಿ ಹುಷಾರು. ಫೋನ್ ಸೆಟ್ಟಿಂಗ್ಸ್‌ನ ‘ಕ್ಲಿಯರ್ ಡೇಟಾ’ ಒತ್ತಬೇಡಿ. ಬ್ಯಾಕಪ್ ಇಲ್ಲದಿದ್ದರೆ ಚಾಟ್‌ಗಳೇ ಹೋಗುತ್ತವೆ. ವಾಟ್ಸ್ಆ್ಯಪ್ ಒಳಗಿನ ‘ಮ್ಯಾನೇಜ್ ಸ್ಟೋರೇಜ್’ನಲ್ಲಿ ಹಲವು ಬಾರಿ ಫಾರ್ವರ್ಡ್ ಆದ ವಿಡಿಯೋಗಳು ಬೇರೆಯಾಗಿ ಸಿಗುತ್ತವೆ. ಅವೇ 2.6 ಜಿಬಿ. ಯಾರೂ ಎರಡನೇ ಸಲ ನೋಡಲ್ಲ, ಅಲ್ವಾ?

2.7ಕ್ಕೆ 2.6 ಸೇರಿದರೆ 5.3. ಗೇಮ್ ಉಳಿಯಿತು. ಹಾಗಾಗಿ ನನ್ನ ಆಯ್ಕೆ ಇದೇ.

ಕ್ಯಾಶೆ ಅಳಿಸುವುದನ್ನು ನಾನು ಲೆಕ್ಕಕ್ಕೇ ಹಿಡಿಯಲ್ಲ, ಬಳಸುತ್ತಿದ್ದಂತೆ ಮತ್ತೆ ತುಂಬುತ್ತದೆ. ಗ್ಯಾಲರಿಯಿಂದ ಅಳಿಸಿದ್ದರೆ ಮಾತ್ರ ಟ್ರಾಶ್ ಕೂಡ ಖಾಲಿ ಮಾಡಿ. ಅಲ್ಲಿಯವರೆಗೆ ಸಂಖ್ಯೆ ಅಲುಗಾಡುವುದಿಲ್ಲ.