ಫ್ಲ್ಯಾಟ್ ತಡವಾಗಿದೆಯಾ? ಬಿಲ್ಡರ್ ಕೊಡುವ ‘ಹೊಸ ದಿನಾಂಕ’ದ ಕಾಗದಕ್ಕೆ ಸಹಿ ಹಾಕಬೇಡಿ

ಬೆಂಗಳೂರಲ್ಲಿ ನಾವು ಬುಕ್ ಮಾಡಿದ ಫ್ಲ್ಯಾಟ್ 2023ರ ಜೂನ್ ಕೊನೆಗೆ ಕೈಸೇರಬೇಕಿತ್ತು. ಅಗ್ರಿಮೆಂಟಿನಲ್ಲಿದ್ದ ಆರು ತಿಂಗಳ ಗ್ರೇಸ್ ಕೂಡ ಡಿಸೆಂಬರಿಗೆ ಮುಗಿಯಿತು. ಒಂದು ಕಡೆ ಬಾಡಿಗೆ, ಇನ್ನೊಂದು ಕಡೆ ಇಎಂಐ. ಆಗ ಬಿಲ್ಡರ್‌ಗೆ ಮೊದಲ ಪತ್ರ ಬರೆದೆ: ‘ದಯವಿಟ್ಟು ಬೇಗ ಕೊಡಿ.’ ‘ಶೀಘ್ರದಲ್ಲೇ ಕೊಡುತ್ತೇವೆ’ ಎಂದು ಉತ್ತರ ಬಂತು. ಅದನ್ನು ನಂಬಿ ಒಂದು ವರ್ಷ ಕಳೆದುಕೊಂಡೆ.

ಆಮೇಲೆ ಅವರೇ ಒಂದು ಕಾಗದ ಕಳಿಸಿದರು. ಮೇಲೆ ದಪ್ಪಕ್ಷರದಲ್ಲಿ ಹೊಸ ದಿನಾಂಕ. ನನಗೂ ಖುಷಿಯಾಯಿತು. ಎರಡನೇ ಪುಟದ ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲು: ಈವರೆಗಿನ ತಡಕ್ಕೆ ಖರೀದಿದಾರರು ಯಾವ ಬಡ್ಡಿ, ಪರಿಹಾರವನ್ನೂ ಕೇಳುವುದಿಲ್ಲ. ಹೆಂಡತಿ ಅದನ್ನು ಜೋರಾಗಿ ಓದಿದ್ದರಿಂದ ನಾನು ಉಳಿದೆ. ಪಕ್ಕದ ಬ್ಲಾಕಿನವರೊಬ್ಬರು ಸಹಿ ಹಾಕಿಬಿಟ್ಟಿದ್ದರು. ಈಗ ಅವರು ಏನು ಕೇಳಿದರೂ ಬಿಲ್ಡರ್ ಆ ಕಾಗದವನ್ನೇ ಮುಂದಿಡುತ್ತಾನೆ.

2025ರ ಮಾರ್ಚಿನಲ್ಲಿ ಎರಡನೇ ಪತ್ರ ಬರೆದೆ. ಈ ಸಲ ಬೇಡಿಕೊಳ್ಳಲಿಲ್ಲ, ಲೆಕ್ಕ ಕೊಟ್ಟೆ. ಮನೆ ಖರೀದಿದಾರರ ಹಿತ ಕಾಯುವ ರಿಯಲ್ ಎಸ್ಟೇಟ್ ಕಾಯ್ದೆ, ಅಂದರೆ ರೇರಾದ 18ನೇ ಸೆಕ್ಷನ್ ಪ್ರಕಾರ, ಫ್ಲ್ಯಾಟ್ ಬಿಡದೆ ಕಾಯುವವರಿಗೆ ತಡವಾದ ಪ್ರತಿ ತಿಂಗಳಿಗೂ ಬಿಲ್ಡರ್ ಬಡ್ಡಿ ಕೊಡಬೇಕು. ಕರ್ನಾಟಕದ ನಿಯಮದಲ್ಲಿ ಅದರ ದರ ಎಸ್‌ಬಿಐ ಸಾಲಕ್ಕೆ ಇಟ್ಟುಕೊಂಡಿರುವ ಮೂಲ ಬಡ್ಡಿದರ ಎಂಸಿಎಲ್‌ಆರ್‌ಗಳಲ್ಲಿ ಅತಿ ಹೆಚ್ಚಿನದಕ್ಕೆ ಇನ್ನೂ ಶೇ 2 ಸೇರಿಸಿದಷ್ಟು. ಸುಲಭವಾಗಲಿ ಎಂದು ಶೇ 10 ಅಂದುಕೊಳ್ಳಿ. ನಾವು ಕಟ್ಟಿದ್ದು 60 ಲಕ್ಷ. ತಿಂಗಳಿಗೆ 50,000 ರೂಪಾಯಿ, 14 ತಿಂಗಳಿಗೆ 7 ಲಕ್ಷ. ಅಗ್ರಿಮೆಂಟಿನಲ್ಲಿ ಬಿಲ್ಡರ್ ಬರೆದುಕೊಂಡಿದ್ದು ಚದರಡಿಗೆ ತಿಂಗಳಿಗೆ 5 ರೂಪಾಯಿ. ನಮ್ಮ 1,200 ಚದರಡಿಗೆ ಅದು ಬರೀ 6,000! ‘ಪರಿಹಾರ ಕೊಡಿ’ ಎಂದಷ್ಟೇ ಬರೆದಿದ್ದರೆ ಅದನ್ನೇ ಕೈಗಿಡುತ್ತಿದ್ದರು.

ರೇರಾದಲ್ಲಿ ಪ್ರಾಜೆಕ್ಟಿನ ಅವಧಿ ವಿಸ್ತರಣೆಯಾಗಿದೆ ಎಂಬ ಸಬೂಬೂ ಅದಕ್ಕೆ ಮೊದಲೇ ಬಂದಿತ್ತು. ಅದು ಅವರ ನೋಂದಣಿಯ ಅವಧಿ. ನಮಗೆ ಕೊಟ್ಟ ಮಾತು ಅಗ್ರಿಮೆಂಟಿನಲ್ಲಿರುವ ದಿನಾಂಕ. ಪತ್ರದ ಮೊದಲ ಸಾಲಿನಲ್ಲೇ ಅದನ್ನು ಬರೆದೆ.

ಇನ್ನೊಂದು ಮಾತು ಬಹಳ ಮುಖ್ಯ. ‘ಕೀ ಯಾವಾಗ ಕೊಡ್ತೀರಿ’ ಅಂತ ಕೇಳಬೇಡಿ. ‘ಓಸಿ ಸಮೇತ ಯಾವ ತಾರೀಖಿಗೆ ಕೊಡ್ತೀರಿ’ ಅಂತ ಕೇಳಿ. ಓಸಿ ಅಂದರೆ ಕಟ್ಟಡದಲ್ಲಿ ವಾಸ ಮಾಡಬಹುದು ಎಂದು ಸ್ಥಳೀಯ ಸಂಸ್ಥೆ ಕೊಡುವ ಪ್ರಮಾಣಪತ್ರ. ಇಂಟೀರಿಯರ್ ಕೆಲಸ ಮಾಡಿಸಿಕೊಳ್ಳಿ ಎಂದು ಓಸಿ ಇಲ್ಲದೆ ಕೀ ಕೊಟ್ಟು, ಸ್ವಾಧೀನ ಪಡೆದಿದ್ದೀರಿ ಎಂದು ಬರೆಸಿಕೊಳ್ಳುತ್ತಾರೆ. ಬಡ್ಡಿಯ ಮೀಟರ್ ಅಲ್ಲಿಗೇ ನಿಂತಿತು ಎಂದು ಆಮೇಲೆ ವಾದ ಶುರುವಾಗುತ್ತದೆ.

ಪತ್ರವನ್ನು ಇಮೇಲ್ ಮಾಡಿ, ರಿಜಿಸ್ಟರ್ ಪೋಸ್ಟಿನಲ್ಲೂ ಕಳಿಸಿ, 15 ದಿನ ಗಡುವು ಕೊಟ್ಟೆ. ಉತ್ತರ ಬರಲಿಲ್ಲ. ಹದಿನಾರನೇ ದಿನ ರೇರಾದಲ್ಲಿ ದೂರು ಹಾಕಿದೆ. ಅಗ್ರಿಮೆಂಟ್, ಹಣ ಕಟ್ಟಿದ ರಸೀದಿಗಳ ಜೊತೆ ಆ ಪತ್ರವನ್ನೂ, ಬಿಲ್ಡರ್ ಆಫೀಸಿನ ಸೀಲು ಬಿದ್ದು ವಾಪಸ್ ಬಂದ ಹಳದಿ ಅಕ್ನಾಲೆಜ್‌ಮೆಂಟ್ ಕಾರ್ಡನ್ನೂ ಲಗತ್ತಿಸಿದ್ದೇನೆ.