ಶೆಡ್ಯೂಲ್ ಸೆಂಡ್: ಮೂರು ಮಳೆಗಾಲ ಬಳಸಿದ ಮೇಲೆ

ಗೂಗಲ್ ಮೆಸೇಜಸ್‌ನಲ್ಲಿ ಎಸ್ಸೆಮ್ಮೆಸ್ ಬರೆದು, ಕಳಿಸುವ ಗುಂಡಿಯನ್ನು ಒತ್ತಿ ಹಿಡಿದರೆ ದಿನ, ಸಮಯ ಕೇಳುತ್ತದೆ. ಆರಿಸಿ ಕಳಿಸಿದರೆ ಮೆಸೇಜಿನ ಪಕ್ಕ ಸಣ್ಣ ಗಡಿಯಾರದ ಗುರುತು ಬರುತ್ತದೆ. ಮಧ್ಯಾಹ್ನ ಕಾಫಿಯ ಹೊತ್ತಿಗೆ ನೆನಪಾದದ್ದನ್ನು ಬರೆದಿಟ್ಟು, ಓದುವವರ ಬಿಡುವಿಗೆ ಹೊಂದಿಸಿಡುವುದು ಒಳ್ಳೆಯ ಅಭ್ಯಾಸ. ಇಷ್ಟರವರೆಗೆ ತಕರಾರಿಲ್ಲ.

ತಕರಾರು ಇರುವುದು ಮೆಸೇಜು ಅಲ್ಲಿಯವರೆಗೆ ಕೂತಿರುವ ಜಾಗದ್ದು. ಜಿಮೇಲ್‌ನಲ್ಲಿ ಸಮಯ ಇಟ್ಟ ಮೇಲ್ ಸರ್ವರ್‌ನಲ್ಲಿರುತ್ತದೆ. ಫೋನ್ ಆಫ್ ಮಾಡಿ ಮಲಗಿದರೂ ಹೋಗುತ್ತದೆ. ಈ ಎಸ್ಸೆಮ್ಮೆಸ್ ಇರುವುದು ನಿಮ್ಮ ಫೋನಿನಲ್ಲೇ. ಇಟ್ಟ ಗಳಿಗೆಯಲ್ಲಿ ಫೋನ್ ಆನ್ ಇರಬೇಕು, ಸಿಗ್ನಲ್ ಇರಬೇಕು. ಆಷಾಢದ ಮಳೆಗೆ ಕರೆಂಟು ಹೋಗಿ, ಟವರ್‌ನ ಬ್ಯಾಟರಿಯೂ ಕೈಕೊಟ್ಟರೆ ಮೆಸೇಜು ಹೊರಡುವುದೇ ಇಲ್ಲ. ಸಮಯ ಮೀರಿದ ಮೇಲೂ ಗಡಿಯಾರದ ಗುರುತು ಹಾಗೇ ಇದ್ದರೆ ಹೋಗಿಲ್ಲ ಎಂದೇ ಲೆಕ್ಕ. ಆಗ ಅದನ್ನು ಮುಟ್ಟಿ, ಕೂಡಲೇ ಕಳಿಸುವ ಆಯ್ಕೆ ಒತ್ತಬೇಕು.

ಓದುವವರ ಕಡೆ ಸಿಗ್ನಲ್ ಇಲ್ಲದಿದ್ದರೆ ಅಷ್ಟು ತೊಂದರೆಯಿಲ್ಲ. ಹೊರಟ ಎಸ್ಸೆಮ್ಮೆಸ್ ಕಂಪನಿಯ ಸೆಂಟರ್‌ನಲ್ಲಿ ಕಾದಿದ್ದು, ಆ ಫೋನ್ ಜಾಲಕ್ಕೆ ಬಂದಾಗ ತಲುಪುತ್ತದೆ. ಆದರೆ ತಡವಾಗಿ.

ಅಡಿಕೆ ಕೊಯ್ಲಿನ ಹೊತ್ತು ನೋಡಿ. ಸೋಮವಾರ ಬರಬೇಕೆಂದು ಹೊಸನಗರದ ಕಡೆಯ ಕೊನೆಗೌಡರಿಗೆ ಹೇಳಬೇಕು. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಇಟ್ಟರೆ ಅವರು ಮರದ ಮೇಲೆ, ಫೋನ್ ಅಂಗಿಯ ಜೊತೆ ಕೆಳಗೆ. ರಾತ್ರಿ ಹತ್ತಕ್ಕೆ ಇಟ್ಟರೆ ನಿದ್ದೆ. ಸಂಜೆ ಏಳೂಕಾಲು ಸರಿ: ಸ್ನಾನ ಮುಗಿದು, ಫೋನ್ ಚಾರ್ಜಿಗೆ ಹಾಕಿ ನೋಡುವ ಸಮಯ, ಒಪ್ಪದಿದ್ದರೆ ಇನ್ನೊಬ್ಬರನ್ನು ಹುಡುಕಲೂ ರಾತ್ರಿ ಇದೆ. ಆದರೆ ಏಳೂಕಾಲಿಗೆ ನೀವೇ ಸಿಗ್ನಲ್ ಇಲ್ಲದ ತೋಟದಮನೆಯಲ್ಲಿ ಇರುವವರಾದರೆ, ಪೇಟೆಯಲ್ಲಿರುವಾಗಲೇ, ಐದೂವರೆಗೇ ಹೊರಡುವಂತೆ ಇಡಿ. ಮೊದಲೇ ಬಂದು ಕೂತ ಮೆಸೇಜನ್ನು ಅವರು ಸಂಜೆ ನೋಡಿಯಾರು. ಹೊರಡದ ಮೆಸೇಜನ್ನು ಯಾರೂ ನೋಡಲಾರರು.

ಇನ್ನೊಂದು ಬಲೆ, “ನಾಳೆ” ಎಂಬ ಪದ. ಶನಿವಾರ ಬರೆದ “ನಾಳೆ” ಭಾನುವಾರ ತಲುಪಿದರೆ ಸೋಮವಾರವಾಗುತ್ತದೆ, ಸೋಮವಾರ ತಲುಪಿದರೆ ಮಂಗಳವಾರ. “ಸೋಮವಾರ ಬೆಳಿಗ್ಗೆ 7ಕ್ಕೆ” ಎಂದೇ ಬರೆಯಿರಿ. ಎರಡು ಸಿಮ್ ಇದ್ದರೆ ಯಾವುದರಿಂದ ಹೋಗುತ್ತದೆಂದು ಇಡುವ ಮೊದಲೇ ನೋಡಿಕೊಳ್ಳಿ.

ಬ್ಯಾಂಕಿನಂಥ ಕಡೆಗೆ ನನ್ನ ಆಯ್ಕೆ ಜಿಮೇಲ್‌ನದೇ. ಅದು ತಾನೇ ಸೂಚಿಸುವ ಬೆಳಿಗ್ಗೆ 8 ಮಾತ್ರ ಬೇಡ. ಶಾಖೆ ತೆರೆಯುವಷ್ಟರಲ್ಲಿ ಹೊಸ ಮೇಲ್‌ಗಳ ಅಡಿ ಸೇರಿರುತ್ತದೆ. ಸಮಯ ನಾವೇ ಆರಿಸಿ 10:40ಕ್ಕೆ ಇಡಬಹುದು. ಎರಡನೇ, ನಾಲ್ಕನೇ ಶನಿವಾರ ಬ್ಯಾಂಕಿಗೆ ರಜೆ, ಆ ರಜೆ ಕಳೆದು ಬರುವ ಸೋಮವಾರವೂ ಬೇಡ, ಮಂಗಳವಾರಕ್ಕೆ ಇಡಿ. ಇಟ್ಟದ್ದನ್ನು ತಿದ್ದಬೇಕಾದರೆ ರದ್ದು ಮಾಡಬೇಕು, ಆಗ ಅದು ಡ್ರಾಫ್ಟ್‌ಗೆ ಹೋಗುತ್ತದೆ. ತಿದ್ದಿದ ಮೇಲೆ ಸಮಯವನ್ನು ಮತ್ತೆ ಇಡದಿದ್ದರೆ ಅಲ್ಲೇ ಬಿದ್ದಿರುತ್ತದೆ.